ಖಜಾಂಚಿ ಬಿಟ್ಟು ಹೋಗುವಾಗ

ಸಣ್ಣ ಧರ್ಮಾರ್ಥ ಟ್ರಸ್ಟುಗಳಲ್ಲಿ ಸಂಬಳವಿಲ್ಲದೆ ದುಡಿಯುವವರು ರಾಜೀನಾಮೆ ಬರೆಯಲು ಕೂತರೆ ತಲೆ ಕೆಡಿಸಿಕೊಳ್ಳುವುದು ಮೊದಲ ಎರಡು ಸಾಲಿಗೆ. ಕಾರಣ ಏನೆಂದು ಹೇಳುವುದು, ಯಾರಿಗೂ ಬೇಸರವಾಗದ ಹಾಗೆ ಹೇಗೆ ಹೇಳುವುದು? ಕೊನೆಯ ಸಾಲು ಮಾತ್ರ ಕೈ ತಾನೇ ಬರೆದುಬಿಡುತ್ತದೆ: 'ಮುಂದೆಯೂ ನನ್ನ ಸಹಕಾರ ಸದಾ ಇರುತ್ತದೆ.' ತಕರಾರು ಹುಟ್ಟುವುದು ಹೆಚ್ಚಾಗಿ ಈ ಸಾಲಿನಿಂದಲೇ. ಯಾವ ಸಹಕಾರ, ಎಲ್ಲಿಯವರೆಗೆ ಎಂದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಬಿಟ್ಟವರು ಪೂರ್ತಿ ಬಿಟ್ಟಿರುವುದಿಲ್ಲ, ಹೊಸದಾಗಿ ಬಂದವರು ಪೂರ್ತಿ ವಹಿಸಿಕೊಂಡಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಬಡ ಮಕ್ಕಳ ಕಾಲೇಜು ಶುಲ್ಕ ಕಟ್ಟುವ ಟ್ರಸ್ಟ್ ಇದೆ ಎಂದುಕೊಳ್ಳಿ. ನಿವೃತ್ತ ಮೇಷ್ಟ್ರೊಬ್ಬರು ಅಧ್ಯಕ್ಷರು. ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಮಹಿಳೆಯೊಬ್ಬರು ಖಜಾಂಚಿ. ಅವರು ಸ್ವಯಂಸೇವಕಿ, ಟ್ರಸ್ಟಿಯಲ್ಲ. ಮಗಳ ಬಾಣಂತನಕ್ಕೆ ಪರಊರಿಗೆ ಹೋಗಬೇಕಾಗಿ ಬಂದು, 2025ರ ಜನವರಿಯಲ್ಲಿ ಬಿಡುವ ಮಾತು ಎತ್ತುತ್ತಾರೆ. 'ನೀವೇ ಹೋಗಿಬಿಟ್ರೆ ಹೆಂಗಮ್ಮಾ, ಫೋನಲ್ಲೇ ನೋಡ್ಕೊಳ್ಳಿ' ಎನ್ನುತ್ತಾರೆ ಮೇಷ್ಟ್ರು. 'ಲೆಕ್ಕ ಹೇಳಿಕೊಡ್ತೀನಿ ಮೇಷ್ಟ್ರೇ, ಸಹಿ ಮಾತ್ರ ಬೇಡ' ಎನ್ನುತ್ತಾರೆ ಇವರು. ಇಲ್ಲಿಗೆ ಅರ್ಧ ಕೆಲಸ ಆದಂತೆ.

ಅವರು ಟ್ರಸ್ಟಿಯಲ್ಲ ಎನ್ನುವುದನ್ನು ಬೇಕೆಂದೇ ಹೇಳಿದೆ. ಸ್ವಯಂಸೇವಕರು ಪತ್ರ ಕೊಟ್ಟು, ಲೆಕ್ಕ ಒಪ್ಪಿಸಿ ಹೊರಡಬಹುದು. ಒಮ್ಮೆ ಟ್ರಸ್ಟಿಯಾಗಲು ಒಪ್ಪಿದವರಿಗೆ ಅಷ್ಟು ಸಲೀಸಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ, ಒಪ್ಪಿಕೊಂಡ ಟ್ರಸ್ಟಿ ಅದನ್ನು ಬಿಡಬೇಕಾದರೆ ನ್ಯಾಯಾಲಯದ ಅನುಮತಿ ಬೇಕು, ಇಲ್ಲವೇ ಫಲಾನುಭವಿಗಳ ಒಪ್ಪಿಗೆ ಬೇಕು, ಇಲ್ಲವೇ ಟ್ರಸ್ಟ್ ಡೀಡಿನಲ್ಲೇ ಅದಕ್ಕೆ ಅವಕಾಶ ಇರಬೇಕು. ಈ ಕಾಯ್ದೆ ಖಾಸಗಿ ಟ್ರಸ್ಟುಗಳದ್ದು, ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲಿ ಮೊದಲು ತೆಗೆದು ನೋಡಬೇಕಾದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಆ ಡೀಡನ್ನು. ಟ್ರಸ್ಟಿ ಹೇಗೆ ರಾಜೀನಾಮೆ ಕೊಡಬೇಕು, ಆ ಜಾಗಕ್ಕೆ ಯಾರು ನೇಮಿಸಬೇಕು ಎಂಬ ಕಲಮು ಅದರಲ್ಲಿ ಇರುತ್ತದೆ. ಅವಸರದಲ್ಲಿ ಬರೆಸಿದ ಡೀಡಾದರೆ ಇರುವುದೂ ಇಲ್ಲ. ಆಗ ವಕೀಲರನ್ನು ಕೇಳದೆ ಮುಂದಡಿ ಇಡಬಾರದು.

ನಮ್ಮ ಖಜಾಂಚಿಯ ಪತ್ರಕ್ಕೆ ಬರೋಣ. ಚೆನ್ನಾಗಿ ಬರೆದರೆ ಅದು ಇಷ್ಟೇ ಇರುತ್ತದೆ:

'ಮನೆಯ ಕಾರಣದಿಂದ ಊರು ಬಿಡುತ್ತಿರುವುದರಿಂದ 2025ರ ಮಾರ್ಚ್ 31ಕ್ಕೆ ಖಜಾಂಚಿ ಜವಾಬ್ದಾರಿಯಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅಂದಿನವರೆಗಿನ ಲೆಕ್ಕ ಮುಗಿಸಿಕೊಡುತ್ತೇನೆ. ನೀವು ಗೊತ್ತು ಮಾಡುವವರ ಜೊತೆ ಮಾರ್ಚ್ ತಿಂಗಳ ಪ್ರತಿ ಶನಿವಾರ ಕೂತು ಕೆಲಸ ತೋರಿಸುತ್ತೇನೆ. ದೇಣಿಗೆದಾರರ ವಿವರ ಸಲ್ಲಿಸುವವರೆಗೆ, ಅಂದರೆ ಮೇ 31ರವರೆಗೆ, ಸಂದೇಹ ಬಂದರೆ ಫೋನಿನಲ್ಲಿ ಸಿಗುತ್ತೇನೆ. ಏಪ್ರಿಲ್ 1ರಿಂದ ಚೆಕ್ಕಿಗೆ ಸಹಿ ಹಾಕುವುದಾಗಲಿ ಒಟಿಪಿ ಹೇಳುವುದಾಗಲಿ ನನ್ನಿಂದ ಆಗುವುದಿಲ್ಲ.'

ಕೊನೆಯ ವಾಕ್ಯ ಒರಟು ಎನಿಸಬಹುದು. ನನಗಂತೂ ಇಡೀ ಪತ್ರದಲ್ಲಿ ಹೆಚ್ಚು ಉಪಕಾರದ ವಾಕ್ಯ ಅದೇ ಅನಿಸುತ್ತದೆ. ಹಳೆಯ ಖಜಾಂಚಿಯ ಸಹಿ ಸಿಗುತ್ತಿರುವಷ್ಟು ದಿನ ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ.

ಬ್ಯಾಂಕಿನ ಕೆಲಸಕ್ಕೆ ಒಂದು ಕ್ರಮ ಇದೆ. ಈ ಟ್ರಸ್ಟಿನ ಖಾತೆಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ ಬೇಕು. ಕಾಗದದ ಮೇಲೆ ಒಬ್ಬರು ಹೋದರೂ ನಡೆಯಬೇಕು. ಆದರೆ ಕಾರ್ಯದರ್ಶಿ ವರ್ಷದಲ್ಲಿ ಆರು ತಿಂಗಳು ಮಗನ ಮನೆಯಲ್ಲಿ, ಅಮೆರಿಕದಲ್ಲಿ! ಖಜಾಂಚಿಯ ಹೆಸರು ಮೊದಲು ತೆಗೆಸಿ ಹೊಸಬರದ್ದು ಆಮೇಲೆ ನೋಡೋಣ ಎಂದರೆ, ಜೂನಿನಲ್ಲಿ ಮಕ್ಕಳು ಶುಲ್ಕಕ್ಕೆ ಬಂದು ನಿಂತಾಗ ಚೆಕ್ ಬರೆಯಲು ಎರಡನೇ ಸಹಿ ಇರುವುದಿಲ್ಲ. ಅದಕ್ಕೇ ಫೆಬ್ರವರಿಯಲ್ಲೇ ಟ್ರಸ್ಟಿಗಳ ಸಭೆ ಕರೆದು ಒಂದೇ ಠರಾವಿನಲ್ಲಿ ಎರಡನ್ನೂ ಬರೆಯಬೇಕು: ಇಂಥ ತಾರೀಖಿನಿಂದ ಇವರ ಸಹಿ ಅಧಿಕಾರ ರದ್ದು, ಅದೇ ತಾರೀಖಿನಿಂದ ಇವರಿಗೆ ಅಧಿಕಾರ. ಠರಾವಿನ ದೃಢೀಕೃತ ಪ್ರತಿ, ಹೊಸಬರ ಪ್ಯಾನ್, ಆಧಾರ್, ಫೋಟೊ, ಮಾದರಿ ಸಹಿ ಇವಿಷ್ಟು ಬ್ಯಾಂಕಿಗೆ ಹೋಗುತ್ತವೆ. ಕೆಲವು ಶಾಖೆಗಳು ಡೀಡಿನ ಪ್ರತಿಯನ್ನೂ ಕೇಳುತ್ತವೆ. ಖಾತೆಗೆ ಜೋಡಿಸಿದ ಮೊಬೈಲ್ ನಂಬರನ್ನು ಬೇರೆಯಾಗಿ ಬದಲಿಸಬೇಕು, ಸಹಿ ಬದಲಾದರೆ ನಂಬರು ತಾನಾಗಿ ಬದಲಾಗುವುದಿಲ್ಲ. ಇದನ್ನು ಮರೆತರೆ ಟ್ರಸ್ಟಿನ ಪ್ರತಿ ಒಟಿಪಿಯೂ ಬಾಣಂತಿಯ ಮನೆಗೇ ಬರುತ್ತಿರುತ್ತದೆ. ಆದಾಯ ತೆರಿಗೆ ಪೋರ್ಟಲಿನಲ್ಲಿರುವ ಮೊಬೈಲ್ ಮತ್ತು ಇ-ಮೇಲಿಗೂ ಇದೇ ಮಾತು. ವಿದೇಶಿ ದೇಣಿಗೆಯ ನೋಂದಣಿ ಇರುವ ಸಂಸ್ಥೆಯಾಗಿದ್ದು, ಬಿಡುವವರು ಮುಖ್ಯ ಪದಾಧಿಕಾರಿಯಾಗಿದ್ದರೆ ಕೇಂದ್ರ ಗೃಹ ಸಚಿವಾಲಯಕ್ಕೂ ಆನ್‌ಲೈನಿನಲ್ಲಿ ತಿಳಿಸಬೇಕು.

ಇನ್ನು ಲೆಕ್ಕ ಒಪ್ಪಿಸುವುದು. ಮಾರ್ಚ್ 31ಕ್ಕೆ ಪಾಸ್‌ಬುಕ್ಕಿನಲ್ಲಿ 1,86,400 ರೂಪಾಯಿ ಇದೆ, ಖಜಾಂಚಿಯ ಪುಸ್ತಕದಲ್ಲಿ 1,74,400 ಇದೆ ಎಂದುಕೊಳ್ಳಿ. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ವ್ಯತ್ಯಾಸದ 12,000 ಎಲ್ಲಿಂದ ಬಂತು? ಎರಡು ಕಾಲೇಜುಗಳಿಗೆ 7,000 ಮತ್ತು 5,000ದ ಚೆಕ್ ಕೊಟ್ಟಿದ್ದಾರೆ, ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ, ಅಷ್ಟೇ. ಇದನ್ನು ಒಂದು ಹಾಳೆಯಲ್ಲಿ ಚೆಕ್ ನಂಬರು ಸಹಿತ ಬರೆದುಕೊಟ್ಟರೆ ಎರಡು ನಿಮಿಷದ ಮಾತು. ಬರೆದುಕೊಡದಿದ್ದರೆ ಆರು ತಿಂಗಳು ಕಳೆದ ಮೇಲೆ ಅದೇ ಅನುಮಾನವಾಗುತ್ತದೆ, ಸಣ್ಣ ಊರಿನಲ್ಲಿ ಅನುಮಾನ ಸುದ್ದಿಯಾಗಲು ಹೊತ್ತು ಬೇಕಿಲ್ಲ. ಆ ಚೆಕ್ಕುಗಳಿಗೆ ಇನ್ನೊಂದು ತೊಡಕೂ ಇದೆ. ಚೆಕ್ಕಿನ ಆಯುಸ್ಸು ಮೂರು ತಿಂಗಳು. ಅಷ್ಟರೊಳಗೆ ಸಹಿದಾರರು ಬದಲಾದರೆ, ಹಳೆಯ ಸಹಿ ಹೊಂದುವುದಿಲ್ಲವೆಂದು ಬ್ಯಾಂಕು ವಾಪಸು ಕಳಿಸಬಹುದು. ಬಾಕಿ ಚೆಕ್ಕುಗಳ ಪಟ್ಟಿಯನ್ನು ಶಾಖೆಗೆ ಮೊದಲೇ ಕೊಡುವುದು ಅಥವಾ ಹೊಸ ಸಹಿಯ ಚೆಕ್ ಬದಲಿಸಿ ಕೊಡುವುದು ಜಾಣತನ. ಅವಸರಕ್ಕಿರಲಿ ಎಂದು ಸಹಿ ಹಾಕಿಟ್ಟ ಖಾಲಿ ಚೆಕ್ಕುಗಳಿದ್ದರೆ ಎಲ್ಲರೆದುರು ಅಡ್ಡಗೆರೆ ಎಳೆದು ರದ್ದು ಮಾಡಬೇಕು.

ರಸೀದಿ ಪುಸ್ತಕಗಳನ್ನೂ ಹಾಗೇ ಎಣಿಸಿ ಕೊಡಬೇಕು. ಯಾವ ನಂಬರಿನವರೆಗೆ ಹರಿದಿದೆ, ಯಾವುದು ಕೆಟ್ಟು ರದ್ದಾಗಿದೆ, ಯಾರ ಕೈಯಲ್ಲಿ ಯಾವ ಪುಸ್ತಕ ಇದೆ ಎಂಬುದು ಹೆಚ್ಚಾಗಿ ಖಜಾಂಚಿಯ ತಲೆಯಲ್ಲಿರುತ್ತದೆ, ಎಲ್ಲೂ ಬರೆದಿರುವುದಿಲ್ಲ. ಇದಕ್ಕೂ ಆ ಮೇ 31ಕ್ಕೂ ಸಂಬಂಧವಿದೆ. 80ಜಿ ವಿನಾಯಿತಿ ಇರುವ ಟ್ರಸ್ಟು 2024-25ರಲ್ಲಿ ದೇಣಿಗೆ ಕೊಟ್ಟವರ ಹೆಸರು, ಗುರುತಿನ ಸಂಖ್ಯೆ, ಮೊತ್ತವನ್ನು 10ಬಿಡಿ ನಮೂನೆಯಲ್ಲಿ ಆ ದಿನದೊಳಗೆ ಇಲಾಖೆಗೆ ಸಲ್ಲಿಸಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಸಲ್ಲಿಸದಿದ್ದರೆ ದೇಣಿಗೆದಾರರಿಗೆ ಪ್ರಮಾಣಪತ್ರ ಸಿಗುವುದಿಲ್ಲ, ಅವರ ತೆರಿಗೆ ವಿನಾಯಿತಿಯೂ ಸಿಕ್ಕಿಬೀಳುತ್ತದೆ. ರಸೀದಿಯಲ್ಲಿ 'ಅಂಗಡಿ ಶೆಟ್ಟರು' ಎಂದಷ್ಟೇ ಬರೆದಿದ್ದರೆ ಆ ಶೆಟ್ಟರು ಯಾರೆಂದು ಹಳೆಯ ಖಜಾಂಚಿಯೇ ಹೇಳಬೇಕು. ಪತ್ರದಲ್ಲಿ ಫೋನಿನ ಸಹಾಯಕ್ಕೆ ಆ ತಾರೀಖು ಹಾಕಿದ್ದು ಇದಕ್ಕೇ.

ಹೊರಡುವವರು ತಮ್ಮ ಬಳಿ ಇಟ್ಟುಕೊಳ್ಳಬೇಕಾದ ಕಾಗದ ಮೂರೇ: ರಾಜೀನಾಮೆ ಒಪ್ಪಿದ ಠರಾವಿನ ಪ್ರತಿ, ಇಬ್ಬರೂ ಸಹಿ ಮಾಡಿದ ಹಸ್ತಾಂತರ ಪಟ್ಟಿ, ಸಹಿದಾರರ ಬದಲಾವಣೆಯ ಅರ್ಜಿಯನ್ನು ಬ್ಯಾಂಕು ಸ್ವೀಕರಿಸಿ ಮೊಹರು ಹಾಕಿದ ಪ್ರತಿ. ದೇಣಿಗೆದಾರರ ಪ್ಯಾನ್ ಪಟ್ಟಿ, ಮಕ್ಕಳ ಅಂಕಪಟ್ಟಿ ಇಂಥವು ಲ್ಯಾಪ್‌ಟಾಪಿನಲ್ಲಿ ಉಳಿದಿದ್ದರೆ ಟ್ರಸ್ಟಿಗೆ ಒಪ್ಪಿಸಿ, ಅಳಿಸಿ, ಅಳಿಸಿದ್ದೇನೆಂದು ಅದೇ ಪಟ್ಟಿಯ ಕೆಳಗೆ ಒಂದು ಸಾಲು ಬರೆದರೆ ಸರಿ. ಹಳೆಯ ವರ್ಷದ ಲೆಕ್ಕದ ಬಗ್ಗೆ ಇಲಾಖೆಯಿಂದ ನೋಟಿಸು ತಡವಾಗಿ ಬರುವುದುಂಟು. ಆಗ ಉತ್ತರ ಕೊಡಬೇಕಾದದ್ದು ಟ್ರಸ್ಟು. ಆ ವರ್ಷದ ವೋಚರು ಯಾವ ಬೀರುವಿನಲ್ಲಿದೆ ಎಂದು ಮೇಷ್ಟ್ರು ಫೋನು ಮಾಡಿದರೆ ಮಾತ್ರ, ಮೇ 31 ಕಳೆದಿದ್ದರೂ, ಹೇಳದೆ ಇರುವುದು ಯಾರಿಂದಲೂ ಆಗುವುದಿಲ್ಲ.