ಖಾಲಿ ಮನೆ ಹೇಳುವ ಲೆಕ್ಕ

ಗಂಗಾವತಿ, ಸಿಂಧನೂರು, ದಾವಣಗೆರೆ ಮೂರೂ ಅಕ್ಕಿ ಮಿಲ್ಲುಗಳಿರುವ ಊರುಗಳು. ಒಬ್ಬ ಸಗಟು ವ್ಯಾಪಾರಿಗೆ ಗಂಗಾವತಿಯಲ್ಲಿ 12 ಲಾರಿ ಲೋಡು, ಸಿಂಧನೂರಿನಲ್ಲಿ 8, ದಾವಣಗೆರೆಯಲ್ಲಿ 10 ಲೋಡು ಅಕ್ಕಿ ಸಿದ್ಧವಾಗಿದೆ ಎಂದಿಟ್ಟುಕೊಳ್ಳೋಣ. ಬೆಂಗಳೂರು 15 ಲೋಡು ಕೇಳಿದೆ, ಹುಬ್ಬಳ್ಳಿ 6, ಮಂಗಳೂರು 9. ಇರುವುದೂ 30, ಬೇಕಾದದ್ದೂ 30. ಯಾವ ಊರಿನ ಅಕ್ಕಿ ಯಾವ ಪೇಟೆಗೆ ಹೋದರೆ ಒಟ್ಟು ಬಾಡಿಗೆ ಎಲ್ಲಕ್ಕಿಂತ ಕಡಿಮೆಯಾಗುತ್ತದೆ ಎಂಬುದು ಪ್ರಶ್ನೆ.

ಒಂದು ಲೋಡಿನ ಬಾಡಿಗೆ ಸಾವಿರ ರೂಪಾಯಿಗಳ ಲೆಕ್ಕದಲ್ಲಿ ಕೆಳಗಿದೆ. ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು. ಆವರಣದಲ್ಲಿರುವುದು ವ್ಯಾಪಾರಿ ಮೊದಲು ಹಾಕಿದ ಯೋಜನೆಯ ಲೋಡುಗಳು.

| | ಬೆಂಗಳೂರು | ಹುಬ್ಬಳ್ಳಿ | ಮಂಗಳೂರು |
|---|---|---|---|
| ಗಂಗಾವತಿ | 18 (5) | 8 (6) | 24 (1) |
| ಸಿಂಧನೂರು | 21 | 12 | 27 (8) |
| ದಾವಣಗೆರೆ | 14 (10) | 9 | 16 |

ಅಗ್ಗವಾದದ್ದನ್ನು ಮೊದಲು ಹಿಡಿಯುವುದು ಅವರ ದಾರಿ. ಇಡೀ ಪಟ್ಟಿಯಲ್ಲಿ ಕಡಿಮೆ ಬಾಡಿಗೆ ಗಂಗಾವತಿಯಿಂದ ಹುಬ್ಬಳ್ಳಿಗೆ, 8 ಸಾವಿರ. ಹುಬ್ಬಳ್ಳಿಯ ಆರೂ ಲೋಡು ಅಲ್ಲಿಂದಲೇ ಹೋದವು. ಉಳಿದದ್ದರಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ 14 ಸಾವಿರವೇ ಅಗ್ಗ, ಹಾಗಾಗಿ ಅಲ್ಲಿನ ಹತ್ತೂ ಲೋಡು ಬೆಂಗಳೂರಿಗೆ. ಮಿಕ್ಕ ಐದನ್ನು ಬೆಂಗಳೂರು ಗಂಗಾವತಿಯಿಂದ ಪಡೆಯಿತು. ಮಂಗಳೂರಿನ ಪಾಲಿಗೆ ಬಂದದ್ದು ಗಂಗಾವತಿಯ ಒಂದು, ಸಿಂಧನೂರಿನ ಎಂಟು. ಒಟ್ಟು ಬಾಡಿಗೆ 5,18,000 ರೂಪಾಯಿ.

ಪ್ರತಿ ಹೆಜ್ಜೆಯಲ್ಲೂ ಅಗ್ಗದ್ದನ್ನೇ ಆರಿಸಿದ್ದಾರೆ. ಆದರೂ ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎನ್ನಲು ಆಧಾರವೇನು? ಪಟ್ಟಿಯಲ್ಲಿ ಲೋಡು ಕೂತಿರುವ ಮನೆ ಐದು, ಖಾಲಿ ಮನೆ ನಾಲ್ಕು. ಉತ್ತರವಿರುವುದು ಆ ನಾಲ್ಕು ಖಾಲಿ ಮನೆಗಳಲ್ಲಿ. ಅವುಗಳಿಂದ ಉತ್ತರ ಹೊರಡಿಸುವ ಕ್ರಮಕ್ಕೆ ಪರಿಷ್ಕೃತ ಹಂಚಿಕೆ ವಿಧಾನ ಎಂದು ಹೆಸರು. ಕಾಮರ್ಸ್, ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಮೋಡಿ ವಿಧಾನ ಎನ್ನುತ್ತಾರೆ.

ಮೊದಲ ಕೆಲಸ, ಪ್ರತಿ ಅಡ್ಡಸಾಲಿಗೂ ಪ್ರತಿ ಕಂಬಸಾಲಿಗೂ ಒಂದೊಂದು ಅಂಕ ಕೊಡುವುದು. ನಿಯಮ ಒಂದೇ: ತುಂಬಿದ ಮನೆಯಲ್ಲಿ ಆ ಅಡ್ಡಸಾಲಿನ ಅಂಕವನ್ನೂ ಕಂಬಸಾಲಿನ ಅಂಕವನ್ನೂ ಕೂಡಿದರೆ ಅಲ್ಲಿನ ಬಾಡಿಗೆಯೇ ಬರಬೇಕು. ಎಲ್ಲಿಂದಾದರೂ ಶುರು ಮಾಡಬೇಕಲ್ಲ, ಗಂಗಾವತಿಗೆ 0 ಕೊಡೋಣ. ಗಂಗಾವತಿಯ ಮೂರೂ ಮನೆ ತುಂಬಿರುವುದರಿಂದ ಬೆಂಗಳೂರಿಗೆ 18, ಹುಬ್ಬಳ್ಳಿಗೆ 8, ಮಂಗಳೂರಿಗೆ 24 ತಾನಾಗಿಯೇ ಬಂತು. ದಾವಣಗೆರೆಯಿಂದ ಬೆಂಗಳೂರಿಗೆ 14 ಬರಬೇಕಾದರೆ ದಾವಣಗೆರೆಯ ಅಂಕ −4. ಸಿಂಧನೂರಿನಿಂದ ಮಂಗಳೂರಿಗೆ 27 ಬರಲು ಸಿಂಧನೂರಿಗೆ 3.

ಈಗ ಖಾಲಿ ಮನೆಗಳಿಗೆ ಹೋಗೋಣ. ಅಲ್ಲಿನ ಬಾಡಿಗೆಯಿಂದ ಎರಡು ಅಂಕಗಳ ಮೊತ್ತವನ್ನು ಕಳೆಯಬೇಕು. ಸಿಂಧನೂರು–ಬೆಂಗಳೂರು: 21ರಿಂದ 3 + 18 ಕಳೆದರೆ 0. ಸಿಂಧನೂರು–ಹುಬ್ಬಳ್ಳಿ: 12ರಿಂದ 11 ಕಳೆದರೆ 1. ದಾವಣಗೆರೆ–ಹುಬ್ಬಳ್ಳಿ: 9ರಿಂದ 4 ಕಳೆದರೆ 5. ದಾವಣಗೆರೆ–ಮಂಗಳೂರು: 16ರಿಂದ 20 ಕಳೆದರೆ −4. ಈ ಋಣ ಸಂಖ್ಯೆಯೇ ಸುಳಿವು. ಆ ಖಾಲಿ ಮನೆಗೆ ಒಂದು ಲೋಡು ತಂದರೆ ಒಟ್ಟು ಬಾಡಿಗೆಯಲ್ಲಿ 4 ಸಾವಿರ ಇಳಿಯುತ್ತದೆ ಎಂದರ್ಥ. ಇಂಥ ಮನೆ ಒಂದಿದ್ದರೂ ಯೋಜನೆಯನ್ನು ಇನ್ನೂ ಸುಧಾರಿಸುವ ಸಾಧ್ಯತೆ ಉಳಿದಿದೆ.

ಆದರೆ ಅಲ್ಲಿಗೆ ಲೋಡನ್ನು ಸುಮ್ಮನೆ ತಂದು ಸೇರಿಸುವಂತಿಲ್ಲ. ದಾವಣಗೆರೆಯಲ್ಲಿ ಇರುವುದೇ ಹತ್ತು. ಒಂದು ಮಂಗಳೂರಿಗೆ ಹೋದರೆ ಬೆಂಗಳೂರಿಗೆ ಒಂದು ಕಡಿಮೆಯಾಯಿತು. ಆ ಕೊರತೆಯನ್ನು ಗಂಗಾವತಿ ತುಂಬಬೇಕು. ಗಂಗಾವತಿ ತುಂಬಬೇಕಾದರೆ ಮಂಗಳೂರಿಗೆ ಕಳಿಸುತ್ತಿದ್ದ ಒಂದನ್ನು ನಿಲ್ಲಿಸಬೇಕು. ಮಂಗಳೂರಿಗಂತೂ ದಾವಣಗೆರೆಯಿಂದ ಆಗಲೇ ಒಂದು ಬಂದಿದೆ. ನಾಲ್ಕು ಮನೆ ಸುತ್ತಿ ಹೊರಟಲ್ಲಿಗೇ ಬಂದೆವು. ಇದೇ ಮುಚ್ಚಿದ ಸುತ್ತು. ಚದುರಂಗದ ಆನೆಯ ಹಾಗೆ ಇದು ನೇರವಾಗಿ, ಇಲ್ಲವೇ ಅಡ್ಡಲಾಗಿ ಮಾತ್ರ ನಡೆಯುತ್ತದೆ, ತಿರುಗುವುದು ತುಂಬಿದ ಮನೆಗಳಲ್ಲಿ ಮಾತ್ರ. ಮೂಲೆಗಳಿಗೆ ಕೂಡು, ಕಳೆ, ಕೂಡು, ಕಳೆ ಎಂದು ಸರದಿಯಲ್ಲಿ ಗುರುತು ಹಾಕುತ್ತಾರೆ. ಬಾಡಿಗೆಯ ಲೆಕ್ಕ 16 − 24 + 18 − 14, ಅಂದರೆ −4. ಅಂಕಗಳಿಂದ ಬಂದ ಉತ್ತರವೇ ಇಲ್ಲಿಯೂ ಬಂತು.

ಇದು ಕಾಕತಾಳೀಯವಲ್ಲ. ಸುತ್ತು ಪ್ರತಿ ಸಾಲನ್ನು ಹೊಕ್ಕಾಗಲೂ ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ತುಂಬಿದ ಮನೆಯ ಬಾಡಿಗೆಯ ಬದಲು ಅದರ ಎರಡು ಅಂಕಗಳನ್ನು ಬರೆದು ನೋಡಿ. ಗಂಗಾವತಿಯ ಅಂಕ ಒಮ್ಮೆ ಕೂಡಿ ಒಮ್ಮೆ ಕಳೆದು ಹೊರಟುಹೋಗುತ್ತದೆ, ಬೆಂಗಳೂರಿನದೂ ಅಷ್ಟೇ. ಕೊನೆಗೆ ಉಳಿಯುವುದು ಖಾಲಿ ಮನೆಯ ಬಾಡಿಗೆ, ಮತ್ತು ಅದರ ಅಡ್ಡಸಾಲು, ಕಂಬಸಾಲುಗಳ ಅಂಕ. ಹೀಗಾಗಿ ಪರೀಕ್ಷೆಗೆಂದು ಪ್ರತಿ ಖಾಲಿ ಮನೆಗೂ ಸುತ್ತು ಎಳೆಯುತ್ತ ಕೂರಬೇಕಿಲ್ಲ. ಅಂಕ ಹಾಕಿ ಕಳೆದರೆ ಸಾಕು, ಗೆದ್ದ ಒಂದು ಮನೆಗೆ ಮಾತ್ರ ಸುತ್ತು ಎಳೆದರಾಯಿತು. ನಾಲ್ಕು ಖಾಲಿ ಮನೆಗಳಿದ್ದಾಗ ಉಳಿತಾಯ ಕಾಣುವುದಿಲ್ಲ. ಹತ್ತು ಗೋದಾಮು, ಇಪ್ಪತ್ತು ಪೇಟೆಗಳಿದ್ದರೆ ಖಾಲಿ ಮನೆಗಳೇ 171.

ಸುತ್ತಿನ ಮಹತ್ವ ಹಳೆಯ ಅರಿವು. ಸೋವಿಯತ್ ದೇಶದ ಎ.ಎನ್. ಟಾಲ್‌ಸ್ಟಾಯ್ 1930ರಲ್ಲಿ ರೈಲ್ವೆ ಸರಕು ಸಾಗಣೆಯ ಬಗ್ಗೆ ಬರೆಯುತ್ತ, ಬದಲಾವಣೆಯಿಂದ ವೆಚ್ಚ ಇಳಿಸುವ ಸುತ್ತು ಉಳಿದಿದ್ದರೆ ಯೋಜನೆ ಅತ್ಯುತ್ತಮವಲ್ಲ ಎಂಬುದನ್ನು ಗುರುತಿಸಿದ್ದರು. ಅಮೆರಿಕದ ಹಿಚ್‌ಕಾಕ್ 1941ರಲ್ಲಿ ಸಾಗಣೆ ಸಮಸ್ಯೆಯನ್ನು ಈಗಿನ ರೂಪದಲ್ಲಿ ಮುಂದಿಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಬಳಕೆಯ ಲೆಕ್ಕ ಮಾಡುತ್ತಿದ್ದ ಕೂಪ್‌ಮನ್ಸ್ ಕೂಡ ಇದೇ ಸಮಸ್ಯೆಗೆ ಬಂದು ನಿಂತರು. 1975ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಸೋವಿಯತ್ ಗಣಿತಜ್ಞ ಕಾಂಟರೊವಿಚ್‌ಗೂ ಸೇರಿ ಬಂತು.

ನಮ್ಮ ಪಟ್ಟಿಗೆ ಮರಳೋಣ. ಸುತ್ತಿನಲ್ಲಿ ಎಷ್ಟು ಲೋಡು ಸಾಗಿಸಬಹುದು? ಕಳೆಯುವ ಮನೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಎಷ್ಟಿದೆಯೋ ಅಷ್ಟೇ. ಇಲ್ಲಿ ಕಳೆಯುವ ಮನೆಗಳು ಎರಡು: ಗಂಗಾವತಿ–ಮಂಗಳೂರಿನಲ್ಲಿ 1, ದಾವಣಗೆರೆ–ಬೆಂಗಳೂರಿನಲ್ಲಿ 10. ಹಾಗಾಗಿ ಒಂದೇ ಲೋಡು ಸಾಗಿತು. ಬಾಡಿಗೆ 5,14,000ಕ್ಕೆ ಇಳಿಯಿತು. ಇಷ್ಟಕ್ಕೇನಾ ಈ ಕಷ್ಟ ಅನ್ನಿಸಬಹುದು. ಇಲ್ಲಿ ನಿಲ್ಲಿಸುವವರೇ ತಪ್ಪುವುದು.

ಯಾಕೆಂದರೆ ಗಂಗಾವತಿ–ಮಂಗಳೂರು ಖಾಲಿಯಾಗಿ ದಾವಣಗೆರೆ–ಮಂಗಳೂರು ತುಂಬಿತು. ತುಂಬಿದ ಮನೆ ಬದಲಾದ ಮೇಲೆ ಹಳೆಯ ಅಂಕಗಳು ನಡೆಯುವುದಿಲ್ಲ. ಮತ್ತೆ ಹಾಕಿದರೆ ಮಂಗಳೂರಿನ ಅಂಕ 24ರಿಂದ 20ಕ್ಕೆ ಇಳಿಯುತ್ತದೆ, ಸಿಂಧನೂರಿನದು 3ರಿಂದ 7ಕ್ಕೆ ಏರುತ್ತದೆ. ಕಳೆದ ಸುತ್ತಿನಲ್ಲಿ 0 ತೋರಿಸಿ ಸುಮ್ಮನಿದ್ದ ಸಿಂಧನೂರು–ಬೆಂಗಳೂರು ಈಗ −4 ತೋರಿಸುತ್ತದೆ. ಸಿಂಧನೂರು–ಹುಬ್ಬಳ್ಳಿಯೂ −3 ತೋರಿಸುತ್ತದೆ, ಆದರೆ ಹೆಚ್ಚು ಇಳಿಸುವುದನ್ನು ಮೊದಲು ಆರಿಸುವುದು ವಾಡಿಕೆ.

ಹೊಸ ಸುತ್ತು: ಸಿಂಧನೂರು–ಬೆಂಗಳೂರಿಗೆ ಕೂಡು, ಸಿಂಧನೂರು–ಮಂಗಳೂರಿನಿಂದ ಕಳೆ, ದಾವಣಗೆರೆ–ಮಂಗಳೂರಿಗೆ ಕೂಡು, ದಾವಣಗೆರೆ–ಬೆಂಗಳೂರಿನಿಂದ ಕಳೆ. ಕಳೆಯುವ ಮನೆಗಳಲ್ಲಿ 8 ಮತ್ತು 9 ಇವೆ, ಆದ್ದರಿಂದ ಎಂಟು ಲೋಡು ಒಟ್ಟಿಗೆ ಸಾಗುತ್ತವೆ. ಒಂದೊಂದಕ್ಕೆ 4 ಸಾವಿರದಂತೆ 32 ಸಾವಿರ ಉಳಿಯಿತು. ಈಗ ಗಂಗಾವತಿ ಬೆಂಗಳೂರಿಗೆ 6, ಹುಬ್ಬಳ್ಳಿಗೆ 6 ಕಳಿಸುತ್ತದೆ. ಸಿಂಧನೂರಿನ ಎಂಟೂ ಬೆಂಗಳೂರಿಗೆ. ದಾವಣಗೆರೆಯ ಒಂದು ಬೆಂಗಳೂರಿಗೆ, ಒಂಬತ್ತು ಮಂಗಳೂರಿಗೆ. ಬಾಡಿಗೆ 4,82,000. ಮೂರನೇ ಸಲ ಅಂಕ ಹಾಕಿದರೆ ಖಾಲಿ ಮನೆಗಳು 1, 4, 4, 5 ತೋರಿಸುತ್ತವೆ. ಋಣ ಸಂಖ್ಯೆ ಒಂದೂ ಇಲ್ಲ, ಇದಕ್ಕಿಂತ ಕಡಿಮೆಯ ಯೋಜನೆಯೂ ಇಲ್ಲ. ಸೊನ್ನೆಯೂ ಇಲ್ಲದಿರುವುದರಿಂದ ಇಷ್ಟೇ ಬಾಡಿಗೆಯ ಇನ್ನೊಂದು ಯೋಜನೆಯೂ ಇಲ್ಲ.

ಮೊದಲ ಯೋಜನೆ ಎಡವಿದ್ದು ಎಲ್ಲಿ ಎಂಬುದು ಈಗ ಕಾಣುತ್ತದೆ. ಬೆಂಗಳೂರಿಗೆ ದಾವಣಗೆರೆಯಿಂದ ಅಗ್ಗ, ನಿಜ. ಆದರೆ ಸಿಂಧನೂರಿಗೆ ಹೋಲಿಸಿದರೆ ದಾವಣಗೆರೆಯ ಲಾಭ ಬೆಂಗಳೂರಿನ ದಾರಿಯಲ್ಲಿ 7 ಸಾವಿರ, ಮಂಗಳೂರಿನ ದಾರಿಯಲ್ಲಿ 11 ಸಾವಿರ. ದೊಡ್ಡ ಲಾಭವಿರುವ ಕಡೆಗೆ ಹೋಗಬೇಕಾದ ಲೋಡುಗಳನ್ನು ಸಣ್ಣ ಲಾಭದ ದಾರಿಯಲ್ಲಿ ಮುಗಿಸಿಬಿಟ್ಟಿದ್ದರು.

ಕೈಯಲ್ಲಿ ಈ ಲೆಕ್ಕ ಮಾಡುವವರನ್ನು ಹೆಚ್ಚಾಗಿ ಸಿಕ್ಕಿಸುವ ಜಾಗ ಒಂದಿದೆ. ಮೂರು ಊರು, ಮೂರು ಪೇಟೆ, ಒಟ್ಟು ಆರು. ಆರು ಊರುಗಳನ್ನು ಒಂದಕ್ಕೊಂದು ಜೋಡಿಸಲು ಐದು ರಸ್ತೆ ಸಾಕು, ಆರನೆಯದು ಹಾಕಿದ ಕೂಡಲೇ ಸರಿಯಾಗಿ ಒಂದು ಸುತ್ತು ಏರ್ಪಡುತ್ತದೆ. ತುಂಬಿದ ಮನೆಗಳು ಐದೇ ಇರಬೇಕು ಎನ್ನುವುದು ಇದಕ್ಕಾಗಿ. ಎರಡನೇ ಸುತ್ತಿನಲ್ಲಿ 8 ಮತ್ತು 9ರ ಬದಲು ಎರಡೂ ಕಡೆ 8 ಇದ್ದಿದ್ದರೆ ಎರಡು ಮನೆಗಳು ಒಟ್ಟಿಗೆ ಖಾಲಿಯಾಗಿ, ನಾಲ್ಕೇ ಉಳಿಯುತ್ತಿದ್ದವು. ಆಗ ಅಂಕ ಹಾಕುತ್ತ ಹೋದರೆ ಯಾವುದೋ ಊರಿಗೆ ಅಂಕ ಸಿಗದೆ ಕೊಂಡಿ ಕಡಿದುಹೋಗುತ್ತದೆ. ಗುರುತು ಅದೇ. ಪರಿಹಾರವೆಂದರೆ, ಖಾಲಿಯಾದ ಎರಡರಲ್ಲಿ ಒಂದನ್ನು 0 ಲೋಡು ಬರೆದು ತುಂಬಿದ ಮನೆಯೆಂದೇ ಇಟ್ಟುಕೊಳ್ಳುವುದು. ಮೊದಲ ಯೋಜನೆಯಲ್ಲೇ ಮನೆ ಕಡಿಮೆ ಬಿದ್ದಿದ್ದರೆ, ಈಗಿರುವ ಮನೆಗಳೊಡನೆ ಸುತ್ತು ಕಟ್ಟದಂಥ ಖಾಲಿ ಮನೆಯಲ್ಲಿ ಆ 0 ಬರೆಯಬೇಕು. ಸುತ್ತು ಕಟ್ಟುವ ಮನೆಯಲ್ಲಿ ಬರೆದರೆ ಕೊಂಡಿ ಮತ್ತೆ ಸೇರುವುದಿಲ್ಲ.

ಕೊನೆಯ ಅಂಕಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು, ದಾವಣಗೆರೆಯ ಲಾರಿಗಳು ಮಂಗಳೂರಿಗೆ ಸುತ್ತುಬಳಸಿ ಹೋಗಬೇಕಾಯಿತು ಎನ್ನಿ. ಬಾಡಿಗೆ 16 ಸಾವಿರದಿಂದ ಏರುತ್ತದೆ. ಉಳಿದ ದಾರಿಗಳ ಬಾಡಿಗೆ ಹಾಗೆಯೇ ಇದ್ದರೆ ಯೋಜನೆ ಬದಲಿಸಬೇಕೇ? ಆ ಬಾಡಿಗೆ ಏರಿದಷ್ಟೂ ಮಂಗಳೂರಿನ ಅಂಕ ಏರುತ್ತದೆ, ಮಂಗಳೂರಿಗಿರುವ ಇನ್ನೆರಡು ಖಾಲಿ ಮನೆಗಳು ತೋರಿಸುವ 4 ಅಷ್ಟೇ ಕರಗುತ್ತದೆ. ಅಂದರೆ 20 ಸಾವಿರದವರೆಗೆ ಏರಿದರೂ ಯೋಜನೆಯನ್ನು ಮುಟ್ಟಬೇಕಿಲ್ಲ. 21 ಆದರೆ ಎರಡೂ ಮನೆಗಳು −1 ತೋರಿಸುತ್ತವೆ, ಆಗ ಮತ್ತೆ ಸುತ್ತು ಎಳೆಯಬೇಕು. ಲಾರಿ ಏಜೆಂಟರು ಫೋನಿನಲ್ಲಿ ಹೊಸ ಬಾಡಿಗೆ ಹೇಳಿದಾಗ ವ್ಯಾಪಾರಿ ಇಡೀ ಪಟ್ಟಿಯನ್ನು ಮತ್ತೆ ಬಿಡಿಸಬೇಕಿಲ್ಲ, ಆ ಮೊತ್ತ 20 ಸಾವಿರ ದಾಟಿದೆಯೇ ಎಂದು ಕೇಳಿಕೊಂಡರೆ ಸಾಕು.