ಸಿಟ್ಟಿನಲ್ಲಿ ಬರೆದದ್ದು, ಬೆಳಗ್ಗೆ ತಿದ್ದಿದ್ದು

ಹುಮನಾಬಾದ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಹೇಳಿದ್ದು ಬಾಯಿಮಾತಿಗೆ. ಈಗ ಮಂದಿ ಬಾಯಿಂದ ಬೈಯುವುದು ಕಡಿಮೆ, ಬೆರಳಿನಿಂದ ಬೈಯುವುದೇ ಜಾಸ್ತಿ. ಬಾಯಿಮಾತು ನಾಲ್ಕು ಮಂದಿ ಕೇಳಿ ಮರೀತಾರ. ಮೊಬೈಲಿನಲ್ಲಿ ಊರ ಗುಂಪಿಗೆ ಹಾಕಿದ ಮಾತು ಹಂಗಲ್ಲ, ಅದು ಬರಹ. ಮತ್ತೊಬ್ಬರ ಫೋನಿನಲ್ಲಿ ಫೋಟೋ ಆಗಿ ಕೂತಿರ್ತದ, ಕೋರ್ಟಿಗೂ ಬರ್ತದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಮನಾಬಾದಿನ ಒಬ್ಬ ಕಿರಾಣಿ ಸಾಹುಕಾರ. ಲಾರಿ ಬಾಡಿ ಕಟ್ಟುವ ಕಸುಬಿಗೆ ಹೆಸರಾದ ಊರು ಬಸವಕಲ್ಯಾಣ. ಅಲ್ಲಿನ ಒಂದು ಗ್ಯಾರೇಜಿಗೆ ತನ್ನ ಟೆಂಪೊ ಬಿಟ್ಟ, ತಗಡಿನ ಮುಚ್ಚಿದ ಬಾಡಿ ಕಟ್ಟಿಸಲಿಕ್ಕೆ. ಹದಿನೈದು ದಿನದ ಕರಾರು. ಗಾಡಿ ಕೈಗೆ ಬಂದದ್ದು ಮೂವತ್ತೈದನೇ ದಿನ. ಮೊದಲ ಮಳೆಗೇ ನೀರು ಒಳಗೆ ಇಳಿದು ಎರಡು ಚೀಲ ಸಕ್ಕರೆ ಪಾಕವಾಯಿತು. ಎರಡು ಸಲ ಫೋನ್ ಮಾಡಿದ, ಒಂದು ದಿನ ಅಂಗಡಿ ಮುಚ್ಚಿ ತಾನೇ ಹೋದ. "ನೋಡೋಣ್ರಿ ಸಾಹುಕಾರ್ರೇ" ಅಂದರು ಅಷ್ಟೇ. ವಾಪಸು ಬರುವ ಬಸ್ಸು ಸಸ್ತಾಪುರ ಬಂಗ್ಲೆ ದಾಟಿ ಹೈವೇಗೆ ತಿರುಗುವುದರೊಳಗೆ ತಲೆ ಕಾದ ಹಂಚಾಗಿತ್ತು. ರಾಜೇಶ್ವರ ಬರುವ ಹೊತ್ತಿಗೆ ಮೊಬೈಲಿನಲ್ಲಿ ಹೀಗೆ ಬರೆದು ಮುಗಿಸಿದ್ದ:

"ಬಸವಕಲ್ಯಾಣದ ಇಂಥಾ ಗ್ಯಾರೇಜಿನವ ಪಕ್ಕಾ ಕಳ್ಳ. ನನ್ನ ರೊಕ್ಕ ತಿಂದಾನ. 20 ದಿನ ತಡಾ ಮಾಡಿ ಹರಕು ತಗಡು ಬಡದು ಕೊಟ್ಟಾನ. ನೂರಾರು ಮಂದಿಗೆ ಹಿಂಗೇ ಟೋಪಿ ಹಾಕ್ಯಾನ ಅಂತ ಸುದ್ದಿ ಅದ. ಬ್ಯಾಂಕಿನ ಸಾಲಾನೂ ಮುಳುಗಿಸ್ಯಾನಂತ. ಆ ಊರವರೇ ಹಂಗ. ಅವನ ಧಂಧೆ ಬಂದ್ ಮಾಡಸ್ತೀನಿ, ನೋಡ್ತಿರ್ರಿ."

ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ. ಆದರೆ ಪಕ್ಕದ ಸೀಟಿನಲ್ಲಿದ್ದ ಅವನ ಕಾಕಾ ಕೈ ಹಿಡಿದ. "ಬರದಿ, ಛಲೋ ಆತು. ಇದನ್ನ ಈಗ ಊರಿಗೆ ತೋರಸಬ್ಯಾಡ. ನಿನಗ ನೀನೇ ಕಳಿಸಿಕೊ. ಮುಂಜಾನಿ ಚಾ ಕುಡದು ಓದೋಣ."

ಕಾಕಾ ಹೇಳಿದ್ದರಲ್ಲಿ ಒಂದು ಯುಕ್ತಿ ಅದೆ. ಗುಂಪಿನ ಪೆಟ್ಟಿಗೆಯಲ್ಲೇ ಕೂತು ಬರೆದರೆ ಬಸ್ಸು ಕುಲುಕಿದರೂ ಬೆರಳು ತಾಕಿ ಹೋಗಿಬಿಡ್ತದ. ಬರೆಯಬೇಕೆನಿಸಿದರೆ ಹಾಳೆಯ ಮೇಲೆ ಬರೆಯಬೇಕು, ಇಲ್ಲವೇ ತನ್ನ ನಂಬರಿಗೆ ತಾನೇ ಕಳಿಸಬೇಕು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜುಲೈ 14ರಂದು ಇದನ್ನೇ ಮಾಡಿದ. ಗೆಟ್ಟಿಸ್‌ಬರ್ಗ್ ಯುದ್ಧ ಗೆದ್ದೂ ಶತ್ರು ಸೈನ್ಯವನ್ನು ನದಿ ದಾಟಿ ಹೋಗಲು ಬಿಟ್ಟನೆಂದು ತನ್ನ ಸೇನಾಪತಿ ಮೀಡ್ ಮೇಲೆ ಕೆಂಡಕಾರಿ ಕಾಗದ ಬರೆದ. ಆದರೆ ಸಹಿ ಹಾಕಲಿಲ್ಲ, ಕಳಿಸಲೂ ಇಲ್ಲ. ಕಳಿಸಿಲ್ಲ, ಸಹಿ ಮಾಡಿಲ್ಲ ಎಂದು ಲಕೋಟೆಯ ಮೇಲೆ ಬರೆದು ಎತ್ತಿಟ್ಟ. ಕಾಗದ ಅವನ ಕಾಗದಪತ್ರಗಳಲ್ಲಿ ಉಳಿಯಿತು.

ಕಳಿಸಿದ ಮೇಲೆ ಅಳಿಸಿದರಾಯ್ತು ಎನ್ನುವವರೂ ಇದ್ದಾರೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ತಿದ್ದಲು ಸಿಗುವುದು 15 ನಿಮಿಷ. ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು. ಆದರೆ ಫೋಟೋ ಹೊಡೆದುಕೊಂಡವನ ಫೋನು ಇದಕ್ಕೆ ಒಳಪಡುವುದಿಲ್ಲ. ಅದೂ ಅಲ್ಲದೆ, ಅಳಿಸಿದ ಗುರುತು ಗುಂಪಿನಲ್ಲಿ ಉಳಿದು "ಏನಿತ್ತು ಅದು?" ಎಂದು ಕೇಳದವನೂ ಕೇಳುವಂತೆ ಮಾಡ್ತದ.

ಪೆನ್ಸಿಲ್ಲು ಹಿಡಿದು ಕೂತರು

ಮರುದಿನ ಬೆಳಗ್ಗೆ ಕಾಕಾ ಒಂದೊಂದು ಮಾತಿಗೂ ಒಂದೇ ಪ್ರಶ್ನೆ ಕೇಳಿದ: "ಇದು ನೀ ಕಣ್ಣಾರೆ ಕಂಡದ್ದೋ, ಚೀಟಿಯಲ್ಲಿ ಇದ್ದದ್ದೋ, ಯಾರೋ ಹೇಳಿದ್ದೋ, ಇಲ್ಲಾ ನಿನ್ನ ಸಿಟ್ಟೋ?"

ಕಳ್ಳ ಎಂಬ ಮಾತು ಮೊದಲು ಬಂತು. ಕಳವು ಎಂದರೆ ಕಾನೂನಿನಲ್ಲಿ ಅಪರಾಧದ ಹೆಸರು. ಗಾಡಿ ಕೊಟ್ಟಿದ್ದಾನೆ, ಬಾಡಿಯೂ ಕಟ್ಟಿದ್ದಾನೆ, ಕೆಟ್ಟದಾಗಿ ಕಟ್ಟಿದ್ದಾನೆ. ಕೆಟ್ಟ ಕೆಲಸಗಾರನೆಂದು ತೋರಿಸಬಹುದು, ಕಳ್ಳನೆಂದು ತೋರಿಸಲಾಗದು. ರೊಕ್ಕ ತಿಂದಾನ ಎಂಬುದಕ್ಕೂ ಅದೇ ಗತಿ. ಎರಡೂ ಹೋದವು.

ಆಮೇಲೆ 20 ದಿನದ ತಡ. ಸಾಹುಕಾರ ಗಲ್ಲೆಯಿಂದ ಚೀಟಿ ತೆಗೆದ. ಕರಾರು 15 ದಿನ ಎಂದು ಬರೆದಿತ್ತು. ಕೆಳಗೆ ಅವನದೇ ಕೈಬರಹ: ಎತ್ತರ ಅರ್ಧ ಅಡಿ ಹೆಚ್ಚಿಸಬೇಕು, 5 ದಿನ ಜಾಸ್ತಿ. ಸಿಟ್ಟಿನಲ್ಲಿ ಇದು ನೆನಪೇ ಇರಲಿಲ್ಲ. ಅಂದರೆ 20ನೇ ದಿನ ಕೊಡಬೇಕಿತ್ತು, 35ನೇ ದಿನ ಕೊಟ್ಟ. ತಡ 15 ದಿನ, 20 ಅಲ್ಲ. ಈ ಒಂದು ತಪ್ಪು ಇಡೀ ಬರಹದ ಮಾನ ಕಳೆಯುತ್ತಿತ್ತು. ಗ್ಯಾರೇಜಿನವನು ಅದೇ ಚೀಟಿ ಗುಂಪಿಗೆ ಹಾಕಿದ್ದರೆ ಸಾಹುಕಾರನೇ ಸುಳ್ಳ ಅನ್ನಿಸಿಕೊಂಡು, ಸಕ್ಕರೆ ಚೀಲದ ಮಾತು ಯಾರೂ ಕೇಳುತ್ತಿರಲಿಲ್ಲ.

ಹರಕು ತಗಡು? ಹೋಗಿ ನೋಡಿದರೆ ತಗಡು ಗಟ್ಟಿಯೇ ಇತ್ತು. ಎಡಗಡೆ ಮೇಲಿನ ಜೋಡಣೆಯಲ್ಲಿ ಒಂದು ಗೇಣು ಉದ್ದ ವೆಲ್ಡಿಂಗ್ ಬಿಟ್ಟಿತ್ತು. ನೀರು ಇಳಿದದ್ದು ಅಲ್ಲಿಂದ. ಹರಕು ಎಂದರೆ ಗ್ಯಾರೇಜಿನವನು ವಾದಕ್ಕೆ ಬರ್ತಾನ. ಎಡ ಜೋಡಣೆ ಬಿಟ್ಟದೆ ಎಂದರೆ ಬಂದು ನೋಡಬೇಕಾಗ್ತದ.

ನೂರಾರು ಮಂದಿಗೆ ಟೋಪಿ, ಬ್ಯಾಂಕಿನ ಸಾಲ. ಎರಡೂ ಯಾರೋ ಹೇಳಿದ್ದು. "ಸುದ್ದಿ ಅದ", "ಅಂತ" ಎಂದು ಬಾಲ ಹಚ್ಚಿದರೆ ತಾನು ಪಾರು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಕೇಳಿದ್ದನ್ನು ಮತ್ತೆ ಹಂಚಿದವನೂ ಪ್ರಕಟಿಸಿದವನೇ. "ಇವನು ಕಳ್ಳನಲ್ಲವೇ?" ಎಂದು ಪ್ರಶ್ನೆ ಚಿಹ್ನೆ ಹಾಕಿದರೂ, ಹೆಸರು ಹೇಳದೆ "ಆಟೋ ನಗರದ ಒಬ್ಬ ಮಹಾಶಯರು" ಎಂದು ವ್ಯಂಗ್ಯವಾಡಿದರೂ ಬಚಾವಿಲ್ಲ. ಯಾರೆಂದು ಓದಿದವರಿಗೆ ಗೊತ್ತಾದರೆ ಸಾಕು. ಹೆಸರಿಲ್ಲದ ಸುಳಿವಿನಲ್ಲಿ ಇನ್ನೊಂದು ಹಾನಿ, ಅಕ್ಕಪಕ್ಕದ ನಾಲ್ಕು ನಿರಪರಾಧಿ ಗ್ಯಾರೇಜುಗಳ ಮೇಲೂ ಸಂಶಯ ಬೀಳ್ತದ.

ಊರವರೇ ಹಂಗ ಎಂಬುದನ್ನು ಕಾಕಾ ತಾನೇ ಅಳಿಸಿದ. "ನಿನ್ನ ಹೆಂಡತಿ ತವರು ಯಾವೂರೋ?" ಅಂದ. ಸಾಹುಕಾರ ನಕ್ಕ. ಬಂದ್ ಮಾಡಸ್ತೀನಿ ಎಂಬ ಕಡೆಯ ಮಾತು ಬೆದರಿಕೆ. ಅದು ನಿಂತರೆ ಫಿರ್ಯಾದಿಯೇ ಆರೋಪಿ ಆಗಬಹುದು.

ಕಾಯ್ದೆ ಏನನ್ನುತ್ತದೆ

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮಾನಹಾನಿ ಮೊದಲು 499 ಮತ್ತು 500ನೇ ಕಲಮಿನಲ್ಲಿತ್ತು, ಈಗ 356ರಲ್ಲಿ ಇದೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ ಮೇಲೆ ಮೊಬೈಲಿನಲ್ಲಿ ಏನು ಬರೆದರೂ ನಡೀತದ ಎಂದುಕೊಂಡವರಿದ್ದಾರೆ. ಆ ತೀರ್ಪು ಮಾನಹಾನಿ ಕಾಯ್ದೆಯನ್ನು ಮುಟ್ಟಿಲ್ಲ. 2016ರಲ್ಲಿ ಅದೇ ಕೋರ್ಟು ಮಾನಹಾನಿಯ ಕಲಮುಗಳನ್ನು ಎತ್ತಿಹಿಡಿಯಿತು.

ನಿಜ ಬರೆದರೆ ಭಯವಿಲ್ಲ ಎಂಬುದು ಅರ್ಧ ಮಾತು. ಕ್ರಿಮಿನಲ್ ಕೇಸಿನಲ್ಲಿ ಈ ರಕ್ಷಣೆ ಬೇಕಾದರೆ ಮಾತು ನಿಜವಾಗಿರಬೇಕು, ಜತೆಗೆ ಅದನ್ನು ಹೇಳುವುದು ಸಾರ್ವಜನಿಕರ ಹಿತಕ್ಕೂ ಆಗಿರಬೇಕು. ಬಾಡಿಯ ಜೋಡಣೆ ಬಿಟ್ಟಿದ್ದು ಮುಂದಿನ ಗಿರಾಕಿಗೆ ತಿಳಿಯಬೇಕಾದ ಸಂಗತಿ. ಗ್ಯಾರೇಜಿನವನ ಬ್ಯಾಂಕ್ ಸಾಲ ನಿಜವೇ ಇದ್ದರೂ ಟೆಂಪೊ ಸೋರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬರಹ ತಿದ್ದುವವನಿಗೆ ಇದೇ ಅಳತೆಗೋಲು: ನಿಜವೋ, ತೋರಿಸಬಲ್ಲೆನೋ, ಓದುವವನಿಗೆ ಬೇಕೋ. ಮೂರಕ್ಕೂ ಹೌದು ಎಂದರೆ ಮಾತು ಉಳಿಯಲಿ.

ಉಳಿದದ್ದು ಏನು?

ಅಳಿಸಿ ಮುಗಿದಾಗ ಒಂದು ವಿಚಿತ್ರ ಕಂಡಿತು. ಏಳು ಸಾಲಿನ ಬೈಗುಳದಲ್ಲಿ ಸಾಹುಕಾರನಿಗೆ ಏನು ಬೇಕು ಎಂಬುದೇ ಇರಲಿಲ್ಲ. ರಿಪೇರಿ ಬೇಕೋ, ರೊಕ್ಕ ಬೇಕೋ, ಬರೀ ಮರ್ಯಾದೆ ತೆಗೆಯುವುದೋ? ಸಕ್ಕರೆ ಹಾಳಾದದ್ದೂ ಬಿಟ್ಟು ಹೋಗಿತ್ತು. ಸಿಟ್ಟಿನ ಬರಹದಲ್ಲಿ ಮನುಷ್ಯ ಹೆಂಥವ ಎಂಬುದೇ ತುಂಬಿರ್ತದ, ಆದದ್ದೇನು, ಆಗಬೇಕಾದ್ದೇನು ಎರಡೂ ಬಿಟ್ಟು ಹೋಗಿರ್ತಾವ. ತಿದ್ದುವುದು ಎಂದರೆ ಅಳಿಸುವುದಷ್ಟೇ ಅಲ್ಲ, ಬಿಟ್ಟದ್ದನ್ನು ಸೇರಿಸುವುದೂ ಹೌದು. ಕಡೆಗೆ ಹೀಗಾಯಿತು:

"ಬಸವಕಲ್ಯಾಣದ ಇಂಥಾ ಗ್ಯಾರೇಜಿನಲ್ಲಿ ನನ್ನ ಟೆಂಪೊಗೆ ಬಾಡಿ ಕಟ್ಟಿಸಿದೆ. ಕರಾರು 15 ದಿನ, ನಾನು ಎತ್ತರ ಹೆಚ್ಚಿಸಲು ಹೇಳಿದ್ದಕ್ಕೆ ಮತ್ತೆ 5 ದಿನ. ಗಾಡಿ ಸಿಕ್ಕಿದ್ದು 35ನೇ ದಿನ. ಮೊದಲ ಮಳೆಗೇ ಎಡಗಡೆ ಮೇಲಿನ ಜೋಡಣೆಯಿಂದ ನೀರು ಇಳಿದು 2 ಚೀಲ ಸಕ್ಕರೆ ಹಾಳಾಯಿತು. ಫೋಟೋ ಇದೆ. ಎರಡು ಸಲ ಫೋನ್ ಮಾಡಿದೆ, ಒಮ್ಮೆ ಹೋಗಿ ಬಂದೆ. ರಿಪೇರಿ ಯಾವಾಗ ಎಂದು ಇನ್ನೂ ಹೇಳಿಲ್ಲ. ಬರುವ ಸೋಮವಾರದೊಳಗೆ ಸರಿಮಾಡಿಕೊಡಬೇಕು, ಇಲ್ಲವೇ ಬೇರೆ ಕಡೆ ಮಾಡಿಸಿದ ಖರ್ಚು ಕೊಡಬೇಕು. ಅವರ ಉತ್ತರ ಬಂದರೆ ಅದನ್ನೂ ಇಲ್ಲೇ ಹಾಕುತ್ತೇನೆ."

ಇದು ಮೆತ್ತಗಾಗಿದೆಯೇ? ಓದಿ ನೋಡ್ರಿ. ಕಳ್ಳ ಎಂಬ ಮಾತಿಗೆ "ನೀನೇ ಕಳ್ಳ" ಎಂದು ಉತ್ತರ ಕೊಡಬಹುದು. 35ನೇ ದಿನ ಎಂಬುದಕ್ಕೆ ಏನು ಉತ್ತರ? ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹೆದರಿ "ಕೆಲವು ಕಡೆ ಕೆಲವರಿಂದ ಅಡಚಣೆ ಆಗುತ್ತಿದೆ" ಎಂದು ತಿದ್ದಿದರೆ ಬರಹವೂ ಹೋಯ್ತು, ಬಾಡಿಯೂ ಹೋಯ್ತು.

ಗುಂಪಿಗೆ ಹಾಕುವ ಮುಂಚೆ ಕಾಕಾ ಇನ್ನೂ ಒಂದು ಮಾಡಿಸಿದ. ಇದನ್ನೇ ಮೊದಲು ಗ್ಯಾರೇಜಿನ ಮಾಲೀಕನ ನಂಬರಿಗೆ ಕಳಿಸಿ, ಒಂದು ದಿನ ಕಾಯಲು ಹೇಳಿದ. "ಅವನ ಗಲ್ಲೆ ಮುಂದ ನಿಂತು, ಅವನ ಮಗ ಕೇಳೂವಾಗ ಇದನ್ನ ಗಟ್ಟಿಯಾಗಿ ಓದ್ತಿಯೇನು? ಓದ್ತಿ ಅಂದ್ರ ಕಳಸು." ಸೋಮವಾರಕ್ಕೂ ಉತ್ತರ ಬಾರದಿದ್ದರೆ ಇದೇ ಬರಹ ಗ್ರಾಹಕರ ಸಹಾಯವಾಣಿ 1915ಕ್ಕೂ, ವಕೀಲರ ನೋಟೀಸಿಗೂ ಅಕ್ಷರ ಬದಲಿಸದೆ ಉಪಯೋಗಕ್ಕೆ ಬರ್ತದ. ಮೊದಲಿನದು ಬರುತ್ತಿರಲಿಲ್ಲ.

ಆದರೆ ಎಲ್ಲದಕ್ಕೂ ರಾತ್ರಿ ಕಾಯಬಾರದು. ಫೋಟೋ, ಚೀಟಿ, ಒದ್ದೆ ಚೀಲ ಇವನ್ನು ಅಂದೇ ಜೋಪಾನ ಮಾಡಬೇಕು, ಮರುದಿನ ಸಿಗುವುದಿಲ್ಲ. ಬ್ರೇಕು ಕೆಟ್ಟ ಗಾಡಿ ರಸ್ತೆ ಮೇಲಿದ್ದರೆ, ಯಾರಿಗಾದರೂ ಏಟು ಬಿದ್ದಿದ್ದರೆ, ಬರಹ ಆಮೇಲೆ, ಫೋನು ಮೊದಲು.

ಹುಮನಾಬಾದದಿಂದ ಬಸವಕಲ್ಯಾಣ ದೂರವೇನಲ್ಲ. ಮದುವೆಗೆ ಹೋದರೂ ಅದೇ ಮಂದಿ, ಸಂತೆಗೆ ಹೋದರೂ ಅದೇ ಮಂದಿ. ಸಾಹುಕಾರನ ಟೆಂಪೊಗೆ ನಾಳೆ ಪಾಟಾ ಮುರಿದರೆ ಮತ್ತೆ ಸಸ್ತಾಪುರ ಬಂಗ್ಲೆಯಿಂದ ಒಳಗೇ ತಿರುಗಬೇಕು. ಆವತ್ತು ತಲೆ ತಗ್ಗಿಸದೆ ಹೋಗುವಂಥ ಬರಹ ಇದ್ದರೆ ಹೋಗುವವನಿಗೂ ಹಗುರ, ಜೋಡಣೆ ಹಾಕುವ ಮಿಸ್ತ್ರಿಗೂ ಹಗುರ.