ದುಡ್ಡು ಕಟ್ ಆಯ್ತು, ದಂಡ ಮಾತ್ರ ಹಾಗೇ ಇದೆ!

ಸಹೋದ್ಯೋಗಿಯೊಬ್ಬ ಬೈಕ್ ಮಾರೋಕೆ ಹೊರಟಿದ್ದ. ದಂಡ ಬಾಕಿ ಇದ್ರೆ ಆರ್‌ಸಿ ವರ್ಗಾವಣೆಗೆ ತೊಡಕಾಗಬಹುದು ಅಂತ, ಹೆಲ್ಮೆಟ್ ಕೇಸಿನ 500 ರೂಪಾಯಿಯನ್ನು ಭಾನುವಾರ ರಾತ್ರಿ ಯುಪಿಐನಲ್ಲಿ ಕಟ್ಟಿದ. ಬ್ಯಾಂಕ್ ಮೆಸೇಜ್ ಬಂತು, ರಸೀದಿ ಬರಲಿಲ್ಲ. ಬೆಳಗ್ಗೆ ಗಾಡಿ ನಂಬರ್ ಹಾಕಿ ನೋಡಿದ್ರೆ ಇನ್ನೂ ಬಾಕಿ. ಮತ್ತೆ ಕಟ್ಟಿದ. ಈ ಸಲ ರಸೀದಿ ಬಂತು, ದಂಡವೂ ತೀರಿತು. ಆದರೆ ಖಾತೆಯಿಂದ ಹೋಗಿದ್ದು 1000 ರೂಪಾಯಿ.

"ಐದು ದಿನದಲ್ಲಿ ತಾನಾಗೇ ವಾಪಸ್ ಬರುತ್ತೆ ಅಲ್ವಾ ಗುರು?" ಅಂತ ಕೇಳಿದ.

ಬರಲೂಬಹುದು, ಬಾರದೆಯೂ ಇರಬಹುದು. ನಾವು ಕಟ್ಟಿದ ದುಡ್ಡು ಬ್ಯಾಂಕಿನಿಂದ ಪೇಮೆಂಟ್ ಗೇಟ್‌ವೇಗೆ ಹೋಗುತ್ತದೆ. 'ದುಡ್ಡು ಬಂದಿದೆ' ಎಂಬ ಸಂದೇಶವನ್ನು ಗೇಟ್‌ವೇ ಇಲಾಖೆಯ ಸರ್ವರ್‌ಗೆ ಬೇರೆಯಾಗಿ ಕಳಿಸುತ್ತದೆ. ಗಾಡಿಯ ದಾಖಲೆ ಬದಲಾಗುವುದು ಆ ಸಂದೇಶ ತಲುಪಿದ ಮೇಲೆಯೇ.

ಬ್ಯಾಂಕಿಗೂ ಗೇಟ್‌ವೇಗೂ ನಡುವೆ ಕೊಂಡಿ ತಪ್ಪಿದ್ದರೆ ಹೆಚ್ಚು ಚಿಂತೆ ಇಲ್ಲ. 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ದುಡ್ಡು ಕಡಿತವಾಗಿ ಪಡೆಯುವವರಿಗೆ ದೃಢೀಕರಣ ಸಿಗದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಅದು ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇವನ ಕೇಸ್ ಅದಲ್ಲ. ಆರನೇ ದಿನವೂ ಸ್ಟೇಟ್‌ಮೆಂಟ್‌ನಲ್ಲಿ ವಾಪಸಾತಿ ಕಾಣಲಿಲ್ಲ, ಬ್ಯಾಂಕಿನವರು ಎರಡೂ ಪಾವತಿ ಯಶಸ್ವಿ ಅಂದರು. ಅಂದರೆ ಗೇಟ್‌ವೇ ಎರಡು ಸಲವೂ ದುಡ್ಡು ಪಡೆದಿತ್ತು. ದಂಡದ ನೋಟಿಸ್ ಒಂದೇ ಆದರೂ ಪ್ರತಿ ಪ್ರಯತ್ನಕ್ಕೂ ಹೊಸ ವಹಿವಾಟು ಸಂಖ್ಯೆ ಹುಟ್ಟುತ್ತದೆ. ಹಾಗಾಗಿ ಗೇಟ್‌ವೇ ಕಣ್ಣಿಗೆ ಅವೆರಡೂ ಬೇರೆ ಬೇರೆ ಸರಿಯಾದ ಪಾವತಿಗಳು. ತಾನಾಗೇ ವಾಪಸ್ ಕಳಿಸೋಕೆ ಅದಕ್ಕೆ ಕಾರಣವೇ ಇಲ್ಲ. ಇಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ಜೊತೆ ಜಗಳ ಆಡಿ ಪ್ರಯೋಜನವಿಲ್ಲ, ಇಲಾಖೆಗೇ ಬರೆದು ಕೇಳಬೇಕು.

ಅವನು ನೋಟಿಸ್ ಸಂಖ್ಯೆ, ಯುಪಿಐ ಆ್ಯಪ್‌ನಲ್ಲಿ ಕಾಣುವ ಎರಡೂ ಪಾವತಿಗಳ 12 ಅಂಕಿಯ ಸಂಖ್ಯೆ, ಸಿಕ್ಕ ಒಂದೇ ರಸೀದಿ, ಸ್ಟೇಟ್‌ಮೆಂಟಿನ ಆ ಪುಟ, ಇಷ್ಟನ್ನೂ ಒಂದೇ ಮೇಲ್‌ನಲ್ಲಿ ಕಳಿಸಿದ. ಬರೀ 'ಪೇಮೆಂಟ್ ಸಕ್ಸಸ್' ಸ್ಕ್ರೀನ್‌ಶಾಟ್ ಸಾಲದು. ಆ 12 ಅಂಕಿ ಇಲ್ಲದೆ ಯಾರೂ ದುಡ್ಡು ಹುಡುಕಲಾರರು. ಎರಡನೇ ಮೇಲ್ ಆದಮೇಲೆ, ಮೂರನೇ ವಾರಕ್ಕೆ 500 ವಾಪಸ್ ಬಂತು. ಸೋಮವಾರ ಬೆಳಗ್ಗೆ ಮತ್ತೆ ಕಟ್ಟದೆ ಐದು ದಿನ ಕಾದಿದ್ದರೆ, ದುಡ್ಡು ವಾಪಸ್ ಬರುತ್ತಿತ್ತು ಇಲ್ಲವೇ ಅದೇ 12 ಅಂಕಿ ತೋರಿಸಿ ದಾಖಲೆ ಸರಿಮಾಡಿಸಬಹುದಿತ್ತು.

ಇನ್ನೊಂದು ಗೊಂದಲವೂ ಉಂಟು. ಒಂದೇ ದಿನ ಎರಡು ಸಿಗ್ನಲ್‌ಗಳ ಕ್ಯಾಮೆರಾಗೆ ಸಿಕ್ಕಿದ್ದರೆ 500ರ ಎರಡು ನೋಟಿಸ್ ಇರುತ್ತವೆ. ಒಂದನ್ನು ಕಟ್ಟಿ, ಇನ್ನೊಂದು ಬಾಕಿ ಕಂಡಾಗ 'ಕಟ್ಟಿದ್ದೇ ತೋರಿಸ್ತಿದೆ' ಅನ್ನಿಸುತ್ತೆ. ಮೊತ್ತ ನೋಡಬೇಡಿ, ನೋಟಿಸ್ ಸಂಖ್ಯೆ, ಸಮಯ, ಜಾಗ ನೋಡಿ. ಹಳೇ ದಂಡವಾದರೆ ಅದು ವರ್ಚುವಲ್ ಕೋರ್ಟಿಗೆ ಹೋಗಿರಲೂಬಹುದು. ಕಟ್ಟುವ ಮೊದಲು vcourts.gov.in ನಲ್ಲೂ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ಈಗಾಗಲೇ ಪಾವತಿಯಾಗಿದ್ದರೆ ಆ ರಸೀದಿ ಇಳಿಸಿಕೊಳ್ಳಿ, ಇಲ್ಲಿ ಮತ್ತೆ ಕಟ್ಟೋಕೆ ಹೋಗಬೇಡಿ.